ಏರಿದ ಎಚ್‌ಡಿಎಲ್, ನಿಲ್ಲದ ಹೃದಯಾಘಾತ

ಲಿಪಿಡ್ ಪ್ರೊಫೈಲ್ ವರದಿಯಲ್ಲಿ ಜಾಸ್ತಿ ಇದ್ದರೆ ಜನ ಖುಷಿಪಡುವ ಸಂಖ್ಯೆ ಒಂದೇ: ಎಚ್‌ಡಿಎಲ್. ‘ಒಳ್ಳೆಯ ಕೊಲೆಸ್ಟ್ರಾಲ್’ ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಜನರನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನ 1977ರಲ್ಲಿ ಒಂದು ಅಂಶವನ್ನು ತೋರಿಸಿತು. ಎಚ್‌ಡಿಎಲ್ ಕಡಿಮೆ ಇದ್ದವರಿಗೆ ಹೃದ್ರೋಗ ಹೆಚ್ಚು, ಜಾಸ್ತಿ ಇದ್ದವರಿಗೆ ಕಡಿಮೆ. ಆಮೇಲಿನ ಅಧ್ಯಯನಗಳಲ್ಲೂ ಇದೇ ಕಂಡಿತು. ಹಾಗಾದರೆ ಮಾತ್ರೆ ಕೊಟ್ಟು ಎಚ್‌ಡಿಎಲ್ ಏರಿಸಿದರೆ ಹೃದಯಾಘಾತ ತಪ್ಪಬೇಕಲ್ಲ? ಔಷಧ ಕಂಪನಿಗಳು ಸಾವಿರಾರು ಕೋಟಿ ರೂಪಾಯಿ ಸುರಿದದ್ದು ಈ ಒಂದು ಊಹೆಯ ಮೇಲೆ.

ಏರಿಸುವ ದಾರಿಯೇನೋ ಸಿಕ್ಕಿತು. ರಕ್ತದಲ್ಲಿ ಸಿಇಟಿಪಿ ಎಂಬ ಪ್ರೋಟೀನ್ ಇದೆ. ಎಚ್‌ಡಿಎಲ್ ಕಣದಲ್ಲಿರುವ ಕೊಲೆಸ್ಟ್ರಾಲನ್ನು ಎಲ್‌ಡಿಎಲ್‌ನಂಥ ಇತರ ಕಣಗಳಿಗೆ ದಾಟಿಸಿ, ಬದಲಿಗೆ ಟ್ರೈಗ್ಲಿಸರೈಡ್ ಕೊಬ್ಬನ್ನು ತಂದು ತುಂಬುವುದು ಅದರ ಕೆಲಸ. ಈ ಪ್ರೋಟೀನ್ ಹುಟ್ಟಿನಿಂದಲೇ ಇಲ್ಲದ ಕೆಲವು ಜಪಾನಿ ಕುಟುಂಬಗಳಲ್ಲಿ ಎಚ್‌ಡಿಎಲ್ ವಿಪರೀತ ಹೆಚ್ಚಿತ್ತು. ಸಿಇಟಿಪಿಯ ಕೈ ಕಟ್ಟಿಹಾಕಿದರೆ ಯಾರಲ್ಲಾದರೂ ಎಚ್‌ಡಿಎಲ್ ಏರಬೇಕೆಂಬ ಲೆಕ್ಕಾಚಾರ ಹುಟ್ಟಿದ್ದು ಇಲ್ಲಿಂದ.

ಫೈಜರ್ ಕಂಪನಿಯ ಟಾರ್ಸೆಟ್ರಾಪಿಬ್ ಇಂಥ ಮೊದಲ ದೊಡ್ಡ ಪ್ರಯತ್ನ. ಹೃದ್ರೋಗದ ಅಪಾಯ ಹೆಚ್ಚಿದ್ದ 15,067 ಜನರನ್ನು ಪ್ರಯೋಗಕ್ಕೆ ಸೇರಿಸಿಕೊಂಡರು. ಎಲ್ಲರಿಗೂ ಸ್ಟ್ಯಾಟಿನ್ ಮಾತ್ರೆ ಇತ್ತು. ಅರ್ಧದಷ್ಟು ಜನರಿಗೆ ಜೊತೆಯಲ್ಲಿ ಹೊಸ ಔಷಧ, ಉಳಿದವರಿಗೆ ಅದರಂತೆಯೇ ಕಾಣುವ ಸಪ್ಪೆ ಮಾತ್ರೆ. ಒಂದು ವರ್ಷದಲ್ಲಿ ಔಷಧ ನುಂಗಿದವರ ಎಚ್‌ಡಿಎಲ್ ಶೇ. 72ರಷ್ಟು ಏರಿತು, ಎಲ್‌ಡಿಎಲ್ ಶೇ. 25ರಷ್ಟು ಇಳಿಯಿತು. ವರದಿ ನೋಡಿದ ಯಾವ ವೈದ್ಯರಾದರೂ ಬೆನ್ನು ತಟ್ಟಬೇಕಾದ ಅಂಕಿಗಳು. ಆದರೆ 2006ರ ಡಿಸೆಂಬರ್ 2ರಂದು ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸಪ್ಪೆ ಮಾತ್ರೆಯ ಗುಂಪಿನಲ್ಲಿ 59 ಜನ ಸತ್ತಿದ್ದರೆ, ಔಷಧದ ಗುಂಪಿನಲ್ಲಿ ಸತ್ತವರು 93.

ತಪ್ಪು ಎಲ್ಲಿತ್ತು? ಮೊದಲು ಬೆರಳು ತೋರಿದ್ದು ಆ ಔಷಧದ ಬೇರೊಂದು ಚಾಳಿಯ ಕಡೆಗೆ. ಅದು ಅಲ್ಡೋಸ್ಟಿರೋನ್ ಹಾರ್ಮೋನನ್ನು ಹೆಚ್ಚಿಸಿ ಮೇಲಿನ ರಕ್ತದೊತ್ತಡವನ್ನು ಸರಾಸರಿ 5 ಪಾಯಿಂಟ್‌ನಷ್ಟು ಏರಿಸುತ್ತಿತ್ತು. ಹಾಗಾದರೆ ಔಷಧ ಕೆಟ್ಟದ್ದು, ಊಹೆ ಸರಿಯೇ ಇದೆ ಎಂದು ಹಲವರು ಸಮಾಧಾನ ಮಾಡಿಕೊಂಡರು. ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಈ ಚಾಳಿ ಇಲ್ಲದ ಡಾಲ್ಸೆಟ್ರಾಪಿಬ್ ಎಚ್‌ಡಿಎಲ್ ಅನ್ನು ಮೂರನೇ ಒಂದು ಭಾಗದಷ್ಟು ಏರಿಸಿತು, ಎಲ್‌ಡಿಎಲ್ ಅನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಎಚ್‌ಡಿಎಲ್ ಒಂದನ್ನೇ ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗದು. 2012ರಲ್ಲಿ ಅದನ್ನೂ ನಿಲ್ಲಿಸಿದರು, ಲಾಭ ಸೊನ್ನೆ. ಎವಾಸೆಟ್ರಾಪಿಬ್ 46 ಇದ್ದ ಸರಾಸರಿ ಎಚ್‌ಡಿಎಲ್ ಅನ್ನು 104ಕ್ಕೆ ಒಯ್ದಿತು, 2015ರಲ್ಲಿ ಅದರ ಕಥೆಯೂ ಮುಗಿಯಿತು. ಬೇರೆ ದಾರಿಯಿಂದ ಎಚ್‌ಡಿಎಲ್ ಏರಿಸುವ ಹಳೆಯ ಔಷಧ ನಿಯಾಸಿನ್ ಕೂಡ ಸ್ಟ್ಯಾಟಿನ್ ಜೊತೆಗೆ ಕೊಟ್ಟಾಗ ಉಪಯೋಗಕ್ಕೆ ಬರಲಿಲ್ಲ. ಸ್ವಲ್ಪ ಗೆದ್ದದ್ದು ಅನಾಸೆಟ್ರಾಪಿಬ್ ಮಾತ್ರ. 30,000ಕ್ಕೂ ಹೆಚ್ಚು ಜನರಲ್ಲಿ ಅದು ಹೃದಯದ ತೊಂದರೆಗಳನ್ನು ಶೇ. 9ರಷ್ಟು ತಗ್ಗಿಸಿತು. ಎಚ್‌ಡಿಎಲ್ ದುಪ್ಪಟ್ಟಾಗಿತ್ತು ನಿಜ. ಆದರೆ ಆ ಶೇ. 9ರ ಲಾಭಕ್ಕೆ ಕೆಟ್ಟ ಕೊಲೆಸ್ಟ್ರಾಲಿನ ಇಳಿಕೆಯೊಂದೇ ಲೆಕ್ಕಕ್ಕೆ ಸರಿಹೋಗುತ್ತಿತ್ತು. ದುಪ್ಪಟ್ಟಾದ ಎಚ್‌ಡಿಎಲ್‌ಗೆ ಹಂಚಲು ಏನೂ ಮಿಗಲಿಲ್ಲ.

ಪ್ರಕೃತಿಯೂ ಇದೇ ಪ್ರಯೋಗವನ್ನು ತನ್ನ ಪಾಡಿಗೆ ನಡೆಸಿತ್ತು. ರಕ್ತನಾಳದ ಒಳಪದರದ ಒಂದು ಕಿಣ್ವದ ಜೀನ್‌ನಲ್ಲಿ ಸಣ್ಣ ಬದಲಾವಣೆ ಹೊತ್ತು ಹುಟ್ಟಿದವರಿಗೆ ಎಚ್‌ಡಿಎಲ್ ಜೀವನಪೂರ್ತಿ ಸುಮಾರು 5.5 ಮಿಲಿಗ್ರಾಂ ಹೆಚ್ಚಿರುತ್ತದೆ. ಹಳೆಯ ಲೆಕ್ಕದಂತೆ ಅವರಿಗೆ ಹೃದಯಾಘಾತ ಶೇ. 13ರಷ್ಟು ಕಡಿಮೆಯಾಗಬೇಕಿತ್ತು. 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅವರಿಗೂ ಉಳಿದವರಿಗೂ ವ್ಯತ್ಯಾಸವೇ ಕಾಣಲಿಲ್ಲ.

ಹಾಗಿದ್ದರೆ ಫ್ರಾಮಿಂಗ್‌ಹ್ಯಾಮ್‌ನಲ್ಲಿ ಕಂಡದ್ದು ಸುಳ್ಳೇ? ಅಲ್ಲ. ಟ್ರೈಗ್ಲಿಸರೈಡ್ ಏರಿದಾಗ ಸಿಇಟಿಪಿಯ ಕೊಡುಕೊಳ್ಳುವಿಕೆ ಜೋರಾಗುತ್ತದೆ. ಎಚ್‌ಡಿಎಲ್ ತನ್ನ ಕೊಲೆಸ್ಟ್ರಾಲ್ ಕಳೆದುಕೊಂಡು, ಟ್ರೈಗ್ಲಿಸರೈಡ್ ತುಂಬಿಕೊಂಡು, ಬೇಗ ಒಡೆದು ದೇಹದಿಂದ ಹೊರಟುಹೋಗುತ್ತದೆ. ಹೊಟ್ಟೆಯ ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಇದ್ದವರಲ್ಲಿ ನಡೆಯುವುದು ಇದೇ. ನಮ್ಮ ಕಡೆಯ ವರದಿಗಳಲ್ಲಿ ಟ್ರೈಗ್ಲಿಸರೈಡ್ 250, ಎಚ್‌ಡಿಎಲ್ 32 ಎಂಬ ಜೋಡಿ ಅಷ್ಟು ಸಾಮಾನ್ಯವಾಗಿರುವುದೂ ಇದಕ್ಕೇ. ಇಲ್ಲಿ ಕಡಿಮೆ ಎಚ್‌ಡಿಎಲ್ ಬೆಂಕಿಯಲ್ಲ, ಹೊಗೆ. ಹೊಗೆಯನ್ನು ಬೀಸಣಿಗೆಯಿಂದ ಓಡಿಸಿದರೆ ಬೆಂಕಿ ಆರುವುದಿಲ್ಲ.

ಎಚ್‌ಡಿಎಲ್ ಮಾಡುವ ನಿಜವಾದ ಕೆಲಸ ಬೇರೆಯೇ ಇದೆ. ರಕ್ತನಾಳದ ಗೋಡೆಯೊಳಗೆ ಮ್ಯಾಕ್ರೊಫೇಜ್ ಎಂಬ ಕಣಗಳು ಕೊಲೆಸ್ಟ್ರಾಲ್ ನುಂಗಿ ಉಬ್ಬಿಕೊಂಡಿರುತ್ತವೆ. ಬಹುತೇಕ ಖಾಲಿಯಾಗಿರುವ ಎಳೆಯ ಎಚ್‌ಡಿಎಲ್ ಅವುಗಳ ಬಾಗಿಲಿಗೆ ಬಂದು ಕೊಲೆಸ್ಟ್ರಾಲ್ ಹೊರುತ್ತದೆ. ಹೊರುತ್ತ ಹೊರುತ್ತ ದುಂಡಗಾಗಿ, ಯಕೃತ್ತಿಗೆ ಹೋಗಿ ಇಳಿಸುತ್ತದೆ. ಅಲ್ಲಿಂದ ಅದು ಪಿತ್ತದ ಮೂಲಕ ಹೊರಬೀಳುತ್ತದೆ. ಲ್ಯಾಬ್ ಅಳೆಯುವುದು ಈ ಓಡಾಟವನ್ನಲ್ಲ, ರಕ್ತ ತೆಗೆದ ಕ್ಷಣದಲ್ಲಿ ಎಚ್‌ಡಿಎಲ್ ಕಣಗಳಲ್ಲಿದ್ದ ಸರಕನ್ನು. ಆ ಸರಕಿನ ಬಹುಪಾಲು ಯಕೃತ್ತು ಮತ್ತು ಕರುಳಿನಿಂದ ಬಂದದ್ದು, ಮ್ಯಾಕ್ರೊಫೇಜ್‌ಗಳ ಪಾಲು ಚಿಟಿಕೆಯಷ್ಟು. ಊರಿನ ಕಸದ ಗಾಡಿಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಎಷ್ಟು ಕಸವಿದೆ ಎಂದು ತೂಗಿದರೆ ಬೀದಿ ಎಷ್ಟು ಸ್ವಚ್ಛವಾಯಿತು ಎಂಬುದು ತಿಳಿಯುವುದಿಲ್ಲ. ಗಾಡಿ ತುಂಬಿರುವುದು ಇಳಿಸುವ ಜಾಗದ ಗೇಟು ಮುಚ್ಚಿದ್ದರಿಂದಲೂ ಇರಬಹುದು. ಇದು ಬರೀ ಉಪಮೆಯಲ್ಲ. ಯಕೃತ್ತಿನಲ್ಲಿ ಎಚ್‌ಡಿಎಲ್ ಸರಕು ಇಳಿಸುವ ಬಾಗಿಲೇ ಜೀನ್ ದೋಷದಿಂದ ಕೆಟ್ಟಿರುವ ಕೆಲವರಿದ್ದಾರೆ. ಅವರ ಎಚ್‌ಡಿಎಲ್ ಬಹಳ ಹೆಚ್ಚು, ಹೃದ್ರೋಗದ ಅಪಾಯವೂ ಹೆಚ್ಚು ಎಂದು 2016ರ ಅಧ್ಯಯನವೊಂದು ತೋರಿಸಿತು. ಸಿಇಟಿಪಿ ತಡೆದಾಗಲೂ ಆದದ್ದು ಹೆಚ್ಚುಕಡಿಮೆ ಹೀಗೆಯೇ: ಸರಕು ಹೊರಹೋಗುವ ಒಂದು ದಾರಿ ಮುಚ್ಚಿತು, ಗಾಡಿ ತುಂಬಿತು.

ಕೆಲಸವನ್ನೇ ಅಳೆಯುವ ಪರೀಕ್ಷೆಯೂ ಇದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಇಲಿಯ ಮ್ಯಾಕ್ರೊಫೇಜ್‌ಗಳಿಗೆ ಗುರುತು ಹಚ್ಚಿದ ಕೊಲೆಸ್ಟ್ರಾಲ್ ತಿನ್ನಿಸಿ, ವ್ಯಕ್ತಿಯ ರಕ್ತದಿಂದ ಎಲ್‌ಡಿಎಲ್‌ನಂಥ ಕಣಗಳನ್ನು ತೆಗೆದು ಉಳಿದದ್ದನ್ನು ಅದರ ಮೇಲೆ ಹಾಕುತ್ತಾರೆ. ಕೆಲವು ಗಂಟೆಗಳಲ್ಲಿ ಶೇಕಡಾ ಎಷ್ಟು ಹೊರಬಂತು ಎಂದು ಎಣಿಸುತ್ತಾರೆ. ಅಮೆರಿಕದ ಡಲ್ಲಾಸ್‌ನಲ್ಲಿ 2,924 ಜನರನ್ನು ಹೀಗೆ ಪರೀಕ್ಷಿಸಿ ಒಂಬತ್ತು ವರ್ಷ ಗಮನಿಸಿದಾಗ, ಹೊರುವ ಶಕ್ತಿ ಅತಿ ಹೆಚ್ಚಿದ್ದ ಕಾಲುಭಾಗದವರಿಗೆ ಅತಿ ಕಡಿಮೆ ಇದ್ದ ಕಾಲುಭಾಗದವರಿಗಿಂತ ಅಪಾಯ ಶೇ. 67ರಷ್ಟು ಕಡಿಮೆ ಇತ್ತು. ವರದಿಯ ಎಚ್‌ಡಿಎಲ್ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಉಳಿಯಿತು. ಆದರೆ ಜೀವಂತ ಕಣಗಳನ್ನು ಸಾಕಿ ಮಾಡಬೇಕಾದ ಪರೀಕ್ಷೆ ಇದು. ಬೀದಿಯ ಲ್ಯಾಬಿನಲ್ಲಿ ಸಿಗುವಂಥದ್ದಲ್ಲ.

ಹೊರುವ ಶಕ್ತಿಯನ್ನು ಹೆಚ್ಚಿಸಿದರೆ ಹೃದಯ ಉಳಿಯುತ್ತದೆಯೇ? ಎಚ್‌ಡಿಎಲ್‌ನ ಮುಖ್ಯ ಪ್ರೋಟೀನನ್ನೇ ಮಾನವ ರಕ್ತದಿಂದ ತೆಗೆದು ತಯಾರಿಸಿದ ಸಿಎಸ್‌ಎಲ್112 ಎಂಬ ಔಷಧ ಆ ಶಕ್ತಿಯನ್ನು ಚೆನ್ನಾಗಿಯೇ ಏರಿಸುತ್ತದೆ. ಹೃದಯಾಘಾತವಾಗಿದ್ದ 18,219 ಜನರ ಪ್ರಯೋಗದಲ್ಲಿ ಅದನ್ನು ವಾರಕ್ಕೊಮ್ಮೆಯಂತೆ ನಾಲ್ಕು ಬಾರಿ ನರಕ್ಕೆ ಏರಿಸಿದರು. 90 ದಿನಗಳಲ್ಲಿ ಮತ್ತೆ ತೊಂದರೆಯಾದವರು ಔಷಧದ ಗುಂಪಿನಲ್ಲಿ ಶೇ. 4.8, ಇನ್ನೊಂದರಲ್ಲಿ ಶೇ. 5.2. ಅದೃಷ್ಟದಿಂದಲೂ ಬರಬಹುದಾದಷ್ಟು ಸಣ್ಣ ವ್ಯತ್ಯಾಸ. 2024ರ ಈ ಫಲಿತಾಂಶದ ನಂತರ, ಕೆಲಸದ ಅಳತೆಯೂ ಅಪಾಯದ ಸುಳಿವೋ ಅಥವಾ ಚಿಕಿತ್ಸೆಯ ಗುರಿಯೋ ಎಂಬ ಪ್ರಶ್ನೆ ಹಾಗೆಯೇ ನಿಂತಿದೆ.

ಎಚ್‌ಡಿಎಲ್ 70 ಇದೆ ಎಂದು 160ರ ಎಲ್‌ಡಿಎಲ್ ಅನ್ನು ಕಡೆಗಣಿಸುವುದಕ್ಕೆ ಈಗ ಆಧಾರವಿಲ್ಲ. ವರದಿ ಕೈಗೆ ಬಂದಾಗ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು ಉಳಿಯುವ ಸಂಖ್ಯೆಯನ್ನು ನೋಡಿ, ವೈದ್ಯರನ್ನು ಕೇಳಬೇಕಾದದ್ದು ಅದರ ಬಗ್ಗೆ.