ಅರ್ಧ ಗಂಟೆಯ ಜಿಮ್: ಸೂಪರ್‌ಸೆಟ್ಟೋ, ಸರ್ಕ್ಯೂಟೋ?

ಸಂಜೆ ಏಳರ ಹೊತ್ತಿಗೆ ಯಾವ ಬಡಾವಣೆಯ ಜಿಮ್ಮಿಗೆ ಹೋದರೂ ಅರ್ಧ ಜನ ಸುಮ್ಮನೆ ಕೂತಿರುತ್ತಾರೆ. ಒಂದು ಸೆಟ್ ಎತ್ತಿ, ಬೆಂಚಿನ ತುದಿಯಲ್ಲಿ ಕೂತು, ಮೊಬೈಲ್ ಮೇಲೆ ಬೆರಳಾಡಿಸುತ್ತಾ ದಣಿವಾರಿಸಿಕೊಳ್ಳುತ್ತಿರುತ್ತಾರೆ. ನೋಡುವವರಿಗೆ ಸೋಮಾರಿತನ ಅನ್ನಿಸಿದರೂ ಅದಕ್ಕೊಂದು ಕಾರಣವಿದೆ. ಭಾರ ಎತ್ತುವಾಗ ಸ್ನಾಯು ತನ್ನೊಳಗೆ ಕೂಡಿಟ್ಟುಕೊಂಡ ಶಕ್ತಿಯನ್ನು ಕೆಲವೇ ಸೆಕೆಂಡುಗಳಲ್ಲಿ ಖರ್ಚು ಮಾಡುತ್ತದೆ. ಅದರಲ್ಲಿ ಸುಮಾರು ಅರ್ಧದಷ್ಟು ಮೊದಲ ಅರ್ಧ ನಿಮಿಷದಲ್ಲಿ ತುಂಬಿಕೊಂಡರೂ, ಪೂರ್ತಿ ತುಂಬಲು ಮೂರು ನಿಮಿಷಕ್ಕೂ ಹೆಚ್ಚು ಬೇಕು. ಆತುರಪಟ್ಟು ಈ ವಿರಾಮವನ್ನು ಕತ್ತರಿಸಿದರೆ ಮುಂದಿನ ಸೆಟ್ಟಿನಲ್ಲಿ ಹತ್ತು ಸಲ ಏಳಬೇಕಾದ ಡಂಬೆಲ್ ಆರಕ್ಕೇ ನಿಲ್ಲುತ್ತದೆ.

ಇರುವುದೇ 30 ನಿಮಿಷವಾದರೆ ಈ ಕಾಯುವ ಹೊತ್ತು ದುಬಾರಿ. ನಾಲ್ಕು ವ್ಯಾಯಾಮ, ತಲಾ ಮೂರು ಸೆಟ್, ಒಟ್ಟು 12 ಸೆಟ್ ಅಂದುಕೊಳ್ಳಿ. ಸೆಟ್ಟಿಗೆ 40 ಸೆಕೆಂಡು ಕೆಲಸ, ಎರಡು ನಿಮಿಷ ವಿರಾಮ ಅಂದರೆ 32 ನಿಮಿಷ. ಮೈ ಬೆಚ್ಚಗೆ ಮಾಡಿಕೊಳ್ಳುವುದಕ್ಕೂ ಹೊತ್ತಿಲ್ಲ. ಇದಕ್ಕೆ ಜಿಮ್ಮುಗಳಲ್ಲಿ ಎರಡು ಉಪಾಯ ಹೇಳುತ್ತಾರೆ: ಒಂದು ಸೂಪರ್‌ಸೆಟ್, ಇನ್ನೊಂದು ಸರ್ಕ್ಯೂಟ್. ಎರಡರಲ್ಲೂ ವ್ಯಾಯಾಮದ ಹಿಂದೆಯೇ ಇನ್ನೊಂದು ವ್ಯಾಯಾಮ ಬರುವುದರಿಂದ ಎರಡೂ ಒಂದೇ ಎಂದು ಅನೇಕರು ತಿಳಿದಿದ್ದಾರೆ. ಆದರೆ ನಿಮ್ಮನ್ನು ಮೊದಲು ನಿಲ್ಲಿಸುವುದು ಸ್ನಾಯುವೋ ಉಸಿರೋ ಎನ್ನುವಲ್ಲಿ ಇವೆರಡರ ದಾರಿ ಬೇರೆಯಾಗುತ್ತದೆ.

ಸೂಪರ್‌ಸೆಟ್ ಅಂದರೆ ಎರಡೇ ವ್ಯಾಯಾಮಗಳ ಜೋಡಿ. ಒಂದು ಒಲೆಯಲ್ಲಿ ಅನ್ನ ಬೇಯುವಾಗ ಇನ್ನೊಂದರಲ್ಲಿ ಸಾರು ಕುದಿಸಿದ ಹಾಗೆ, ಎದೆ ಸುಧಾರಿಸಿಕೊಳ್ಳುವ ಹೊತ್ತಿನಲ್ಲಿ ಬೆನ್ನು ದುಡಿಯುತ್ತದೆ. ಗಿಜಿಗುಡುವ ಜಿಮ್ಮಿನಲ್ಲೂ ಮಾಡಬಹುದಾದ ಜೋಡಿಯೊಂದನ್ನು ಹೇಳುತ್ತೇನೆ. ಬೆಂಚಿನ ಬೆನ್ನುಭಾಗವನ್ನು ಅರ್ಧದಷ್ಟು ಮೇಲೆತ್ತಿ ನಿಲ್ಲಿಸಿ. ಅದಕ್ಕೆ ಒರಗಿ ಎರಡು ಡಂಬೆಲ್‌ಗಳನ್ನು ಎದೆಯ ಮೇಲಿಂದ ಹತ್ತು ಸಲ ತಳ್ಳಿ. ಮುಗಿದ ಮೇಲೆ ಅದೇ ಬೆಂಚಿನ ಮೇಲೆ ಎದೆಯೂರಿ ಬೋರಲು ಮಲಗಿ, ಅದೇ ಡಂಬೆಲ್‌ಗಳನ್ನು ಕೆಳಗಿಂದ ಪಕ್ಕೆಯ ಕಡೆಗೆ ಹತ್ತು ಸಲ ಎಳೆಯಿರಿ. ಬೆಂಚೂ ಬದಲಾಗಿಲ್ಲ, ಭಾರವೂ ಬದಲಾಗಿಲ್ಲ. ನೀವು ಅತ್ತ ಹೋದಾಗ “ಸಾರ್, ಇದು ಖಾಲಿನಾ?” ಎಂದು ಬಂದು ಕೂರುವವರ ಕಾಟವೂ ಇಲ್ಲ.

ಲೆಕ್ಕ ಹೀಗಿದೆ. ತಳ್ಳುವುದಕ್ಕೆ 40 ಸೆಕೆಂಡು, ಹೊರಳುವುದಕ್ಕೆ 20, ಎಳೆಯುವುದಕ್ಕೆ 40, ಆಮೇಲೆ 80 ಸೆಕೆಂಡು ವಿರಾಮ. ಒಂದು ಸುತ್ತಿಗೆ ಸರಿಯಾಗಿ ಮೂರು ನಿಮಿಷ. ಈಗ ಎದೆಗೆ ಸಿಕ್ಕ ವಿಶ್ರಾಂತಿ ನೋಡಿ: ಹೊರಳಿದ 20, ಎಳೆದ 40, ಕೂತ 80, ಒಟ್ಟು ಎರಡು ನಿಮಿಷ 20 ಸೆಕೆಂಡು. ಮೊದಲಿನ ಪದ್ಧತಿಯಲ್ಲಿ ಸಿಗುತ್ತಿದ್ದುದಕ್ಕಿಂತ ಹೆಚ್ಚೇ! ಮೂರು ಸುತ್ತಿಗೆ ಒಂಬತ್ತು ನಿಮಿಷ. ಎರಡನೆಯ ಜೋಡಿಯಾಗಿ ಎದೆಗೆ ಡಂಬೆಲ್ ಅಪ್ಪಿ ಹಿಡಿದು ಮಾಡುವ ಸ್ಕ್ವಾಟ್ ಮತ್ತು ಮೇಲಿನ ಸರಳನ್ನು ಕೆಳಗೆಳೆಯುವ ಪುಲ್‌ಡೌನ್ ಇಟ್ಟುಕೊಳ್ಳಿ. ಕಾಲಿನ ವ್ಯಾಯಾಮ ಹೆಚ್ಚು ಏದುಸಿರು ತರಿಸುವುದರಿಂದ ಇದಕ್ಕೆ ಹತ್ತು ನಿಮಿಷ ಕೊಡಿ. ಶುರುವಿನಲ್ಲಿ ಐದು ನಿಮಿಷ ಮೈ ಬೆಚ್ಚಗೆ ಮಾಡಿಕೊಂಡರೂ, ಜಾಗ ಬದಲಿಸಲು ಒಂದೆರಡು ನಿಮಿಷ ಹೋದರೂ, ಅದೇ 12 ಸೆಟ್ ಮುಗಿದು ನಾಲ್ಕು ನಿಮಿಷ ಮಿಗುತ್ತದೆ.

ಜೋಡಿ ತಪ್ಪಿದರೆ ಮಾತ್ರ ಲಾಭವೆಲ್ಲ ಹೋಯಿತು. ಎದೆಗೆ ಒಂದು, ಅದರ ಹಿಂದೆಯೇ ಮತ್ತೆ ಎದೆಗೇ ಇನ್ನೊಂದು ಮಾಡುವವರಿದ್ದಾರೆ. ಎದೆ ಉರಿಯುವುದೇನೋ ನಿಜ, ವಿಶ್ರಾಂತಿಯ ಲೆಕ್ಕ ಮಾತ್ರ ಅಲ್ಲಿಗೆ ಮುಗಿಯಿತು. ಇದಕ್ಕಿಂತ ಸೂಕ್ಷ್ಮವಾದ ತಪ್ಪೂ ಒಂದಿದೆ. ಬಾರ್ ಹೊತ್ತು ಸ್ಕ್ವಾಟ್ ಮಾಡಿ, ಆಮೇಲೆ ಸೊಂಟ ಬಗ್ಗಿಸಿ ನಿಂತು ಬಾರ್ ಎಳೆಯುವುದು ಹೆಸರಿಗೆ ಕಾಲು ಮತ್ತು ಬೆನ್ನಿನ ಜೋಡಿ. ಆದರೆ ಎರಡರಲ್ಲೂ ನಡುಬೆನ್ನು ಗಟ್ಟಿಯಾಗಿ ಹಿಡಿದಿರಬೇಕು, ಅದಕ್ಕೆ ಬಿಡುವೇ ಸಿಗುವುದಿಲ್ಲ. ಎಳೆಯುವ ಎರಡು ವ್ಯಾಯಾಮಗಳನ್ನು ಜೋಡಿಸಿದರೆ ಮುಂಗೈ ಹಿಡಿತ ಸೋಲುವುದೂ ಹೀಗೆಯೇ. ಗುರುತು ಸುಲಭ: ಮೊದಲ ಸುತ್ತಿನಲ್ಲಿ ಹತ್ತು ಎತ್ತಿದವರು ಎರಡನೆಯದರಲ್ಲಿ ಏಳಕ್ಕೆ ಇಳಿದರೆ ಒಂದೋ ಜೋಡಿ ಸರಿಯಿಲ್ಲ, ಇಲ್ಲವೇ ವಿರಾಮ ಸಾಲದು. ಮೊದಲು ಅರ್ಧ ನಿಮಿಷ ವಿರಾಮ ಹೆಚ್ಚಿಸಿ. ಆಗಲೂ ಇಳಿಯುತ್ತಿದ್ದರೆ ಜೋಡಿ ಬದಲಿಸಿ.

ಸರ್ಕ್ಯೂಟಿನ ಹುಟ್ಟು ಬೇರೆ. 1950ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಗನ್ ಮತ್ತು ಆಡಮ್ಸನ್ ಎಂಬಿಬ್ಬರು ಇದನ್ನು ಪದ್ಧತಿಯಾಗಿ ರೂಪಿಸಿದರು. ಹಗುರವಾದ ಅಥವಾ ಮಧ್ಯಮ ಭಾರದ ಹಲವು ವ್ಯಾಯಾಮಗಳನ್ನು ಸಾಲಾಗಿ ಇಟ್ಟು, ಒಂದರಿಂದ ಇನ್ನೊಂದಕ್ಕೆ ಬಹುತೇಕ ನಿಲ್ಲದೆ ಸಾಗುವುದು ಇದರ ಕ್ರಮ. ಆರು ವ್ಯಾಯಾಮಗಳ ಸರ್ಕ್ಯೂಟಿನಲ್ಲಿ 40 ಸೆಕೆಂಡು ಕೆಲಸ, 20 ಸೆಕೆಂಡು ಜಾಗ ಬದಲಿಸಲು ಎಂದಿಟ್ಟರೆ ಸುತ್ತಿಗೆ ಆರು ನಿಮಿಷ. ಸುತ್ತುಗಳ ನಡುವೆ ಒಂದು ನಿಮಿಷ ನಿಂತರೂ ಮೂರು ಸುತ್ತು 20 ನಿಮಿಷದಲ್ಲಿ ಮುಗಿಯುತ್ತದೆ.

ಇಲ್ಲೊಂದು ವಿಚಿತ್ರವಿದೆ. ಒಂದೊಂದು ಸ್ನಾಯುವಿಗೆ ಮತ್ತೆ ಸರದಿ ಬರುವುದು ಐದು ನಿಮಿಷಕ್ಕೂ ಹೆಚ್ಚು ಹೊತ್ತಿನ ನಂತರ. ವಿಶ್ರಾಂತಿ ಬೇಕಾದಷ್ಟಾಯಿತು, ಹಾಗಿದ್ದರೆ ಭಾರ ಹೆಚ್ಚು ಎತ್ತಬಹುದಲ್ಲವೇ? ಆಗುವುದಿಲ್ಲ. ಕಾಲಿಗೆ ಬಿಡುವಿದ್ದರೂ ಹೃದಯಕ್ಕೂ ಶ್ವಾಸಕೋಶಕ್ಕೂ ಬಿಡುವಿಲ್ಲ. ನಾಲ್ಕನೆಯ ವ್ಯಾಯಾಮದ ಹೊತ್ತಿಗೆ ಏದುಸಿರು ಬಂದು, ತೊಡೆಯಲ್ಲಿ ಇನ್ನೂ ಕಸುವಿರುವಾಗಲೇ ಸ್ಕ್ವಾಟ್ ನಿಂತುಹೋಗುತ್ತದೆ. ಹಾಗಾಗಿ ಭಾರ ಇಳಿಸಲೇಬೇಕು. ದಮ್ಮು ಬೆಳೆಯಬೇಕು ಅನ್ನುವವರಿಗೆ ಇದು ಒಳ್ಳೆಯದೇ, ತೋಳು ತೊಡೆ ಬಲಿಯಬೇಕು ಅನ್ನುವವರಿಗೆ ನಿಧಾನದ ದಾರಿ.

ದಮ್ಮಿನ ಲೆಕ್ಕದಲ್ಲೂ ಕೈಗಡಿಯಾರವನ್ನು ಪೂರ್ತಿ ನಂಬಬೇಡಿ. ಭಾರ ಎತ್ತುವಾಗ ಬಿಗಿದ ಸ್ನಾಯುಗಳು ರಕ್ತದ ಹರಿವಿಗೆ ಅಡ್ಡಬರುತ್ತವೆ, ರಕ್ತದೊತ್ತಡ ಏರುತ್ತದೆ, ಎದೆಬಡಿತವೂ ಏರುತ್ತದೆ. ಅಷ್ಟೇ ಎದೆಬಡಿತದಲ್ಲಿ ಓಡುವಾಗ ದೇಹ ಬಳಸುವಷ್ಟು ಆಮ್ಲಜನಕ ಇಲ್ಲಿ ಬಳಕೆಯಾಗುವುದಿಲ್ಲ. ಹಾಗಾಗಿ ಎದೆಬಡಿತ ನೋಡಿ ಗಡಿಯಾರ ಹೇಳುವ ಕ್ಯಾಲೊರಿ ನಿಜಕ್ಕಿಂತ ಹೆಚ್ಚಿರಬಹುದು.

ಸರ್ಕ್ಯೂಟಿಗೆ ಇನ್ನೊಂದು ತೊಡಕು ನಮ್ಮ ಜಿಮ್ಮುಗಳ ಜನಸಂದಣಿ. ಸಂಜೆ ಏಳಕ್ಕೆ ಆರು ಕಡೆ ಜಾಗ ಹಿಡಿಯುವುದು ಯಾರಿಂದಲೂ ಆಗದ ಮಾತು. ಒಂದು ಕಡೆ ಎರಡು ನಿಮಿಷ ಕಾದರೆ ಸರ್ಕ್ಯೂಟಿನ ಅರ್ಥವೇ ಹೋಯಿತು. ಅದು ಮನೆಯ ವರಾಂಡಕ್ಕೋ ತಾರಸಿಗೋ ಹೇಳಿ ಮಾಡಿಸಿದ್ದು. ಬಸ್ಕಿ, ದಂಡ, ಮೆಟ್ಟಿಲು ಹತ್ತಿಳಿಯುವುದು, ಪ್ಲಾಂಕ್, ಅಂಗಾತ ಮಲಗಿ ಸೊಂಟ ಎತ್ತುವುದು, ನೀರು ತುಂಬಿದ ಕ್ಯಾನುಗಳನ್ನು ಎರಡೂ ಕೈಯಲ್ಲಿ ಹಿಡಿದು ನಡೆಯುವುದು, ಇಷ್ಟರಲ್ಲೇ ಆರು ವ್ಯಾಯಾಮಗಳಾದವು. ಕಾಲು ಮತ್ತು ತೋಳಿನ ಕೆಲಸ ಒಂದಾದ ಮೇಲೊಂದು ಬರುವಂತೆ ಜೋಡಿಸಿಕೊಳ್ಳಿ. ನೆಲದಿಂದ ಥಟ್ಟನೆ ಏಳುವಾಗ ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ, ಸ್ವಲ್ಪ ಹೊತ್ತು ಕೂತುಕೊಳ್ಳಿ. ಬಿ.ಪಿ. ಅಥವಾ ಹೃದಯದ ತೊಂದರೆ ಇರುವವರು ಎರಡಕ್ಕೂ ಮೊದಲು ವೈದ್ಯರನ್ನು ಕೇಳಬೇಕು. ಎತ್ತುವಾಗ ಉಸಿರು ಬಿಗಿಹಿಡಿಯುವುದಂತೂ ಅಂಥವರಿಗೆ ಬೇಡವೇ ಬೇಡ.

ಈಗಷ್ಟೇ ಜಿಮ್ಮಿಗೆ ಸೇರಿದವರಿಗೆ ಮೊದಲ ಕೆಲವು ವಾರ ಎರಡೂ ಬೇಡ ಅನ್ನುತ್ತೇನೆ. ಏದುಸಿರಿನಲ್ಲಿ ಕಲಿತ ಸ್ಕ್ವಾಟ್ ಸೊಟ್ಟಗೇ ಕೂರುತ್ತದೆ. ವ್ಯಾಯಾಮಗಳನ್ನು ಕಡಿಮೆ ಮಾಡಿ, ಒಂದೊಂದನ್ನೇ ಬಿಡುವು ಕೊಟ್ಟು ಕಲಿಯಲಿ.

ಕಲಿತವರು, ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ ಹೊಂದಿಸುವವರು, ಎರಡು ದಿನ ಜಿಮ್ಮಿನಲ್ಲಿ ಸೂಪರ್‌ಸೆಟ್ ಮಾಡಿ, ಮೂರನೆಯ ದಿನ ಮನೆಯಲ್ಲಿ ಸರ್ಕ್ಯೂಟ್ ಇಟ್ಟುಕೊಳ್ಳಿ. ಒಂದನ್ನೇ ಆರಿಸಿಕೊಳ್ಳಬೇಕಾಗಿ ಬಂದರೆ ನನ್ನ ಮತ ಸೂಪರ್‌ಸೆಟ್ಟಿಗೆ. ದಮ್ಮನ್ನು ಬೆಳಗಿನ ಬಿರುಸು ನಡಿಗೆಯಲ್ಲೂ ಗಳಿಸಬಹುದು, ಭಾರವನ್ನು ಎತ್ತಿಯೇ ಗಳಿಸಬೇಕು.