ಹಾಸ್ಟೆಲ್ ಗೇಟಿಗೆ ಬರುವ ಡಬ್ಬಿಯ ಕರಪತ್ರ

‘ಮನೆಯೂಟದ ರುಚಿ, ಅಮ್ಮನ ಕೈತುತ್ತು.’ ಬೆಂಗಳೂರಿನಲ್ಲಿ ಹೊಸದಾಗಿ ಊಟದ ಡಬ್ಬಿ ಶುರುಮಾಡಿ, ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್‌ಗಳಿಗೆ ಕರಪತ್ರ ಹಂಚುವವರು ಮೊದಲು ಬರೆಯುವ ಸಾಲು ಇಂಥದ್ದೇ. ಆದರೆ ಅದನ್ನು ಓದುವವಳಿಗೆ ತಿಂಡಿ, ರಾತ್ರಿಯೂಟ ಸಾಮಾನ್ಯವಾಗಿ ಮೆಸ್‌ನಲ್ಲೇ ಸಿಗುತ್ತದೆ. ಅವಳಿಗೆ ಬೇಕಾದದ್ದು ಮಧ್ಯಾಹ್ನದ್ದು, ಅದೂ ಬಸ್ ಹಿಡಿಯಲು ಹೊರಡುವ ಮೊದಲು. ಹಾಗಾಗಿ ದಪ್ಪಕ್ಷರದಲ್ಲಿ ಇರಬೇಕಾದ ಸಾಲು ಇದು: ‘ಮಧ್ಯಾಹ್ನದ ಡಬ್ಬಿ, ಬೆಳಿಗ್ಗೆ 7.30ಕ್ಕೆ ನಿಮ್ಮ ಹಾಸ್ಟೆಲ್ ಗೇಟಿನಲ್ಲಿ.’

ಕೆಳಗೆ ವಾರದ ಊಟದ ಪಟ್ಟಿ ಕೊಡಿ. ‘ರುಚಿಕರ ದಕ್ಷಿಣ ಭಾರತೀಯ ಊಟ’ ಎನ್ನುವುದಕ್ಕಿಂತ ‘ಸೋಮವಾರ ಚಪಾತಿ, ಬೀನ್ಸ್ ಪಲ್ಯ, ಮಂಗಳವಾರ ಪುಳಿಯೋಗರೆ’ ಎಂದರೆ ಹೆಚ್ಚು ನಂಬಿಕೆ ಬರುತ್ತದೆ. ಬೆಳಿಗ್ಗೆ ಕಟ್ಟಿದ ಡಬ್ಬಿ ತೆರೆಯುವುದು ಮಧ್ಯಾಹ್ನ. ಸೆಕೆಗೆ ಬೇಗ ಹಳಸುವ ತೆಂಗಿನಕಾಯಿ ಚಟ್ನಿ ಆ ಪಟ್ಟಿಯಲ್ಲಿದ್ದರೆ ಅಡುಗೆ ಬಲ್ಲವಳು ಅಲ್ಲೇ ಅನುಮಾನಿಸುತ್ತಾಳೆ.

ಹೆಚ್ಚು ಜಗಳ ಹುಟ್ಟುವುದು ಹಣದ ವಿಷಯದಲ್ಲಿ. ಡಬ್ಬಿಗೆ 70 ರೂಪಾಯಿ, ತಿಂಗಳಿಗೆ 22 ಕೆಲಸದ ದಿನ ಎಂದುಕೊಳ್ಳೋಣ. 1,540 ರೂಪಾಯಿ ಆಯಿತು. ಹಬ್ಬಕ್ಕೆ ಊರಿಗೆ ಹೋಗಿ ನಾಲ್ಕು ದಿನ ಬರದಿದ್ದರೆ? ಈ ಪ್ರಶ್ನೆಗೆ ಉತ್ತರ ಕರಪತ್ರದಲ್ಲೇ ಇರಲಿ: ‘ಹಿಂದಿನ ರಾತ್ರಿ 8ರೊಳಗೆ ಬೇಡವೆಂದರೆ ಆ ದಿನದ ಹಣ ಮುಂದಿನ ತಿಂಗಳ ಲೆಕ್ಕಕ್ಕೆ.’ ಆಗ 280 ರೂಪಾಯಿ ಅವಳ ಖಾತೆಯಲ್ಲಿ ಉಳಿಯುತ್ತದೆ. 8 ಗಂಟೆಯ ಗಡುವು ಏಕೆಂದರೆ, ಕಾಳು ನೆನೆಹಾಕುವುದು, ತರಕಾರಿ ಹೆಚ್ಚಿಡುವುದು ಅದರ ನಂತರ. ಕಾರಣವನ್ನೂ ಒಂದು ಸಾಲಿನಲ್ಲಿ ಬರೆದರೆ ಯಾರೂ ಬೇಸರಿಸುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಡಬ್ಬಿ ತರುವವನನ್ನು ಗೇಟಿನಿಂದ ಒಳಗೆ ಬಿಡುವುದಿಲ್ಲ. ಡಬ್ಬಿಗಳು ವಾಚ್‌ಮನ್ ಮೇಜಿನ ಮೇಲೆ ಸಾಲಾಗಿ ಕೂರುತ್ತವೆ. ಮೇಲೆ ಹೆಸರು, ರೂಮ್ ನಂಬರ್, ಮೊಬೈಲ್ ನಂಬರ್ ಅಂಟಿಸಿದ್ದರೆ ದಾರಿಹೋಕರೂ ಓದಬಹುದು. ‘ಡಬ್ಬಿಯ ಮೇಲೆ ಹೆಸರಿಲ್ಲ, ನಿಮ್ಮ ನಂಬರ್ ಮಾತ್ರ: 14’ ಎಂಬ ಸಾಲು ಇಲ್ಲಿ ಯಾವ ರಿಯಾಯಿತಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಎಣಿಕೆ. ವಾಟ್ಸಾಪ್ ಗ್ರೂಪ್ ಕೂಡ ಬೇಡ. ಅದರಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಆ ತೊಂದರೆಯಿಲ್ಲ, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ತಲುಪುತ್ತದೆ. ಹಾಗಾಗಿ ‘ಈ ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಫೋನ್ ನಂಬರಿನ ಪಕ್ಕದಲ್ಲೇ ಬರೆಯಬೇಕು.

ಅಡಿಯಲ್ಲಿ ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಗಳ ಸಂಖ್ಯೆ ಇರಲಿ. ಮನೆಯಲ್ಲೇ ಅಡುಗೆ ಮಾಡಿ ಮಾರುವವರಿಗೂ ಈ ನೋಂದಣಿ ಬೇಕು, ಮತ್ತು ಕರಪತ್ರ ಅಂಟಿಸಲು ಒಪ್ಪಿಗೆ ಕೊಡಬೇಕಾದ ವಾರ್ಡನ್ ಮೊದಲು ಕೇಳುವುದು ಬಹುಶಃ ಅದನ್ನೇ.