ಮಾಮನೋ, ಚಾಚಾನೋ: ಅನುವಾದ ಯಂತ್ರಕ್ಕೊಂದು ಪುಟ್ಟ ಪರೀಕ್ಷೆ

‘ನಾಳೆ ಸೋದರಮಾವ ಬರ್ತಾರೆ, ನೀನು ಸ್ಟೇಷನ್‌ಗೆ ಹೋಗು.’ ಯಂತ್ರ ಇದನ್ನು ಹಿಂದಿಯಲ್ಲಿ ‘ಕಲ್ ಚಾಚಾ ಆಯೇಂಗೇ, ಆಪ್ ಸ್ಟೇಷನ್ ಜಾಯಿಯೇ’ ಎಂದು ಕೊಟ್ಟರೆ, ಹಿಂದಿ ಮಾತ್ರ ಓದುವವರಿಗೆ ತಪ್ಪೇನೂ ಕಾಣುವುದಿಲ್ಲ. ಕನ್ನಡ ಬಲ್ಲವರಿಗೆ ಎರಡು ತಪ್ಪು ಕಾಣುತ್ತವೆ. ತಾಯಿಯ ಕಡೆಯ ಮಾವ ತಂದೆಯ ತಮ್ಮನಾಗಿದ್ದಾರೆ; ಸಲಿಗೆಯ ‘ನೀನು’ ಗೌರವದ ‘ಆಪ್’ ಆಗಿದೆ. ನಡುವೆ ಇಂಗ್ಲಿಷ್ ಹಾದುಬಂದಾಗ ಇಂಥದ್ದಾಗುತ್ತದೆ. ‘ಅಂಕಲ್’ ಎಂಬಲ್ಲಿ ಇಬ್ಬರೂ ಒಬ್ಬರೇ, ‘ಯೂ’ ಎಂಬಲ್ಲಿ ನೀನೂ ನೀವೂ ಒಂದೇ.

ಮೆಟಾ ಕಂಪನಿಯ ಫ್ಲೋರೆಸ್-200ರಂಥ ಪರೀಕ್ಷಾ ಸಂಗ್ರಹಗಳು ಉಪಯುಕ್ತವೇ. ಆದರೆ ಅದರ ಮೂಲ ವಾಕ್ಯಗಳು ಇಂಗ್ಲಿಷಿನವು. ಕನ್ನಡ, ಹಿಂದಿ ಎರಡೂ ಅವುಗಳ ಅನುವಾದ. ಇಂಗ್ಲಿಷ್‌ನಲ್ಲಿ ಮೊದಲೇ ಇಲ್ಲದ ಭೇದವನ್ನು ಯಂತ್ರ ಕಳೆಯಿತೋ ಉಳಿಸಿತೋ ಎಂದು ಅಂಥ ವಾಕ್ಯಗಳಿಂದ ತಿಳಿಯುವುದು ಕಷ್ಟ. ಹಾಗಾಗಿ ನಮ್ಮದೇ ಒಂದು ಸಣ್ಣ ಸಂಗ್ರಹ ಬೇಕು. ನೂರು ವಾಕ್ಯ ಕನ್ನಡದಲ್ಲೇ ಹುಟ್ಟಿದವು, ನೂರು ಹಿಂದಿಯಲ್ಲೇ ಹುಟ್ಟಿದವು ಇದ್ದರೆ ಶುರುಮಾಡಬಹುದು. ಅಂತರ್ಜಾಲದಿಂದ ಎತ್ತಿಕೊಳ್ಳದೆ ಹೊಸದಾಗಿ ಬರೆಯಬೇಕು, ಏಕೆಂದರೆ ಅಲ್ಲಿರುವುದನ್ನು ಯಂತ್ರ ಕಲಿಕೆಯಲ್ಲೇ ಓದಿಬಿಟ್ಟಿರಬಹುದು.

ಎರಡೂ ಭಾಷೆ ಬಲ್ಲ ಇಬ್ಬರು ಬೇರೆ ಬೇರೆ ಕುಳಿತು, ಯಂತ್ರದ ನೆರವಿಲ್ಲದೆ ಅನುವಾದಿಸಲಿ. ಅವರಿಬ್ಬರ ಉತ್ತರ ಹೊಂದದ ಕಡೆ ಹೆಚ್ಚು ಹೊತ್ತು ನಿಲ್ಲಬೇಕು. ‘ನಾನು ನಿನ್ನೆ ಬ್ಯಾಂಕಿಗೆ ಹೋಗಿದ್ದೆ’ ಎಂಬುದಕ್ಕೆ ಒಬ್ಬರು ‘ಗಯಾ ಥಾ’, ಇನ್ನೊಬ್ಬರು ‘ಗಯೀ ಥೀ’ ಎಂದು ಬರೆದರೆ ತಪ್ಪು ಯಾರದ್ದೂ ಅಲ್ಲ. ಹೇಳಿದವರು ಗಂಡೋ ಹೆಣ್ಣೋ ಕನ್ನಡ ಹೇಳುವುದಿಲ್ಲ, ಹಿಂದಿ ಹೇಳಲೇಬೇಕು. ಇಂಥಲ್ಲಿ ಎರಡನ್ನೂ ಸರಿಯೆಂದು ಇಟ್ಟುಕೊಳ್ಳಿ, ಇಲ್ಲವೇ ಹೇಳಿದವರು ಯಾರೆಂದು ತಿಳಿಸುವ ಒಂದು ವಾಕ್ಯವನ್ನು ಮುಂದೆ ಸೇರಿಸಿ.

ಅಂಕ ಕೊಡಲು ಹಳೆಯ ‘ಬ್ಲೂ’ ಮಾಪನ ಪದಗಳನ್ನು ಇಡಿಯಾಗಿ ಹೋಲಿಸುತ್ತದೆ. ‘ಮನೆಯಲ್ಲಿ’ ಎಂಬಲ್ಲಿ ಯಂತ್ರ ‘ಮನೇಲಿ’ ಎಂದರೆ ಆ ಪದಕ್ಕೆ ಸೊನ್ನೆ. ಪ್ರತ್ಯಯಗಳು ಪದಕ್ಕೇ ಅಂಟುವ ಕನ್ನಡಕ್ಕೆ, ಅಕ್ಷರಗಳ ತುಣುಕುಗಳನ್ನು ಹೋಲಿಸುವ ‘ಸಿಎಚ್‌ಆರ್‌ಎಫ್’ ವಾಸಿ. ಆದರೂ ಸೋದರಮಾವನ ವಾಕ್ಯದಲ್ಲಿ ಅರ್ಧದಷ್ಟು ಪದಗಳು ಹೊಂದುವುದರಿಂದ ಅದೂ ಒಂದಿಷ್ಟು ಅಂಕ ಕೊಟ್ಟೇಬಿಡುತ್ತದೆ. ಅದಕ್ಕೇ ಪ್ರತಿ ವಾಕ್ಯದ ಜೊತೆ ಒಂದು ನೇರ ಪ್ರಶ್ನೆ ಬರೆದಿಡುವುದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ: ‘ಮಾಮಾ’ ಬಂತೇ? ‘ತುಮ್’ ಅಥವಾ ‘ತೂ’ ಉಳಿಯಿತೇ? ಹೌದು, ಇಲ್ಲ, ಅಷ್ಟೇ.

ಫಲಿತಾಂಶ ಓದುವಾಗ ಅವಸರ ಬೇಡ. ನೂರರಲ್ಲಿ ಒಂದು ಯಂತ್ರ 82, ಇನ್ನೊಂದು 78 ಸರಿ ಮಾಡಿದರೆ ಮೊದಲನೆಯದೇ ಮೇಲು ಎನ್ನಲಾಗದು. ನೂರು ವಾಕ್ಯಗಳಲ್ಲಿ 80ರ ಆಸುಪಾಸಿನ ಅಂಕ ಆಕಸ್ಮಿಕವಾಗಿಯೇ ಎಂಟರಷ್ಟು ಆಚೀಚೆ ಆಗಬಹುದು. ಆದರೆ ಬಂಧುವಾಚಕಗಳಿರುವ ಇಪ್ಪತ್ತು ವಾಕ್ಯಗಳಲ್ಲಿ ಒಂದು ಯಂತ್ರ ಹದಿನೆಂಟು ತಪ್ಪಿ, ಇನ್ನೊಂದು ಎರಡೇ ತಪ್ಪಿದರೆ, ಆ ವ್ಯತ್ಯಾಸವನ್ನು ಆಕಸ್ಮಿಕ ಎನ್ನಲಾಗದು. ಮೊದಲನೆಯದು ಇಂಗ್ಲಿಷ್ ಹಾದುಬರುತ್ತಿದೆಯೇ ಎಂದು ಆಗ ಹುಡುಕಬಹುದು.